ಐಎನ್‌ಆರ್ ಚಾರ್ಟ್: ಬರೆದ ಡೋಸ್ ಬೇರೆ, ನುಂಗಿದ ಡೋಸ್ ಬೇರೆ

"ಅಮ್ಮನಿಗೆ ಹೃದಯದ ವಾಲ್ವ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಅಸಿಟ್ರಾಮ್ ಗುಳಿಗೆ ಒಂದಿನ 2, ಒಂದಿನ 3 ಮಿ.ಗ್ರಾಂ. ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಟೆಸ್ಟ್‌ಗೆ ಡಾಕ್ಟರ್ ಗುರಿ 2.5–3.5 ಅಂದಿದ್ದಾರೆ, ಈ ಸಲ 2.1 ಬಂದಿದೆ. ಚಾರ್ಟ್ ಹೇಗೆ ಮಾಡಲಿ? ಕೊಪ್ಪಳದಿಂದ."

ಅಣ್ಣಾ, ಹಾಳೆಯ ಮೇಲೆ ದೊಡ್ಡದಾಗಿ 2.5–3.5 ಬರೆಯಿರಿ. ಕೆಳಗೆ ದಿನಕ್ಕೊಂದು ಸಾಲು: ತಾರೀಖು, ಬರೆದುಕೊಟ್ಟ ಡೋಸ್, ನಿಜವಾಗಿ ನುಂಗಿದ ಡೋಸ್, ಐಎನ್‌ಆರ್, ಲ್ಯಾಬ್ ಹೆಸರು. "ಅರ್ಧ ಗುಳಿಗೆ" ಅಂತ ಬರೆಯಬೇಡಿ, ಗುಳಿಗೆಗಳು ಬೇರೆ ಬೇರೆ ಪವರ್‌ನಲ್ಲಿ ಸಿಗುತ್ತವೆ, ಮಿ.ಗ್ರಾಂ ಲೆಕ್ಕವೇ ಇರಲಿ.

ಐಎನ್‌ಆರ್ ಆ ದಿನದ ಗುಳಿಗೆಯನ್ನಲ್ಲ, ಹಿಂದಿನ ಕೆಲವು ದಿನಗಳದ್ದನ್ನು ತೋರಿಸುತ್ತದೆ. ಅದಕ್ಕೇ ಟೆಸ್ಟ್‌ಗೆ ಮುಂಚಿನ ಏಳು ದಿನ ಕೂಡಿಸಿ. 2ರಿಂದ ಶುರುವಾದರೆ 2, 3, 2, 3, 2, 3, 2, ಒಟ್ಟು 17 ಮಿ.ಗ್ರಾಂ. ಅಮ್ಮ ಎರಡು ಸಲ 3ರ ಗುಳಿಗೆ ಮರೆತಿದ್ದರೆ ಹೊಟ್ಟೆಗೆ ಹೋಗಿದ್ದು 11 ಮಾತ್ರ. ಆಗ 2.1 ಬಂದಿದ್ದು ಡೋಸ್ ಕಡಿಮೆಯಾಗಿ ಅಲ್ಲ, ಮರೆತಿದ್ದಕ್ಕೆ ಇರಬಹುದು, ಅಲ್ವಾ? ಇದು ಗೊತ್ತಾಗದೆ ಡೋಸ್ ಏರಿಸಿದರೆ ಮುಂದಿನ ಸಲ ಗುರಿ ದಾಟಿ ರಕ್ತಸ್ರಾವದ ಭಯ.

ಪುಂಡಿಪಲ್ಯದಂಥ ಸೊಪ್ಪು ಜಾಸ್ತಿ ತಿಂದದ್ದು, ಹೊಸ ಆ್ಯಂಟಿಬಯೋಟಿಕ್, ನೋವಿನ ಗುಳಿಗೆ, ಇವನ್ನೂ ಪಕ್ಕದಲ್ಲೇ ಬರೆಯಿರಿ. ಮರೆತದ್ದನ್ನು ಮರುದಿನ ಡಬಲ್ ಕೊಡಬೇಡಿ. ವಾಲ್ವ್ ಇರುವಾಗ 2.1 ಕಡಿಮೆಯೇ, ಇವತ್ತೇ ಡಾಕ್ಟರ್‌ಗೆ ಫೋನ್ ಮಾಡಿ ಈ ಹಾಳೆಯ ಫೋಟೋ ಕಳಿಸಿ.