ಶೇಂಗಾ ಚಟ್ನಿ ಪುಡಿಯ ಪ್ಯಾಕೆಟ್ ಮೇಲೆ ಯಾವ ತಾರೀಖು ಹಾಕಬೇಕು?

ಪ್ರಶ್ನೆ: ಮನೆಯಲ್ಲಿ ಮಾಡುವ ಶೇಂಗಾ ಚಟ್ನಿ ಪುಡಿಯನ್ನು ಆನ್‌ಲೈನ್‌ನಲ್ಲಿ ಮಾರಬೇಕೆಂದಿದ್ದೇನೆ. ಇಷ್ಟು ಸಣ್ಣ ಕೆಲಸಕ್ಕೂ ಲೈಸೆನ್ಸ್ ಬೇಕೇ? ಲೇಬಲ್ ಮೇಲೆ ಏನಿರಬೇಕು? ಎಷ್ಟು ತಿಂಗಳು ಬಾಳುತ್ತದೆ ಎಂದು ಬರೆಯಲಿ? ಬಹಳಷ್ಟು ಜನ ಆರು ತಿಂಗಳು ಎಂದು ಹಾಕುತ್ತಾರೆ.

ಉತ್ತರ:

ಆರು ತಿಂಗಳು ಎಂದು ದಯವಿಟ್ಟು ಹಾಕಬೇಡಿ. ಆ ಅವಧಿಯನ್ನು ಸರ್ಕಾರ ನಿಗದಿ ಮಾಡಿಲ್ಲ, ಬೇರೆಯವರ ಪ್ಯಾಕೆಟ್ ನೋಡಿ ಬರೆದುಕೊಳ್ಳುವುದೂ ಸರಿಯಲ್ಲ. ತಯಾರಿಸುವವರೇ ಅದನ್ನು ಕಂಡುಕೊಳ್ಳಬೇಕು, ಅದಕ್ಕೆ ಅವರೇ ಹೊಣೆ. ಮನೆಯಿಂದ ತಿನಿಸು ಮಾರುವವರಿಗೆ ಲೇಬಲ್ ಸಿದ್ಧಪಡಿಸಲು ನೆರವಾಗುವುದು ನನ್ನ ಕೆಲಸ. ಹೆಚ್ಚಿನ ತೊಂದರೆ ಶುರುವಾಗುವುದು ಈ ಒಂದು ತಾರೀಖಿನಿಂದಲೇ. ಹಾಗಾಗಿ ಉಳಿದೆರಡನ್ನು ಮೊದಲು ಹೇಳಿ ಇದಕ್ಕೆ ಬರುತ್ತೇನೆ.

ಲೈಸೆನ್ಸ್ ವಿಷಯ ನೀವು ಅಂದುಕೊಂಡಷ್ಟು ಕಷ್ಟವಲ್ಲ. ನಿಮ್ಮಂಥ ಸಣ್ಣ ವಹಿವಾಟಿಗೆ ಪೂರ್ಣ ಪರವಾನಗಿ ಬೇಡ, ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನೋಂದಣಿ ಸಾಕು. ಆದರೆ ನೋಂದಣಿ ಬೇಕೇ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಂಡು ಕಳಿಸಿದರೂ ಅದು ಮಾರಾಟವೇ. foscos.fssai.gov.in ಜಾಲತಾಣದಲ್ಲಿ ಭಾವಚಿತ್ರ, ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ಕೊಟ್ಟು ನೀವೇ ಅರ್ಜಿ ಹಾಕಬಹುದು. ವಿಳಾಸ ಎಂದರೆ ಒಲೆ ಇರುವ ಜಾಗದ ವಿಳಾಸ. ವ್ಯವಹಾರದ ಬಗೆ ಕೇಳಿದಾಗ ಬರೀ ಚಿಲ್ಲರೆ ಮಾರಾಟ ಎಂದು ಗುರುತು ಹಾಕಿ ಮುಗಿಸಬೇಡಿ, ತಯಾರಿಕೆಯನ್ನು ಆರಿಸಿ. ಪುಡಿ ಮಾಡುವವರು ನೀವೇ ಅಲ್ಲವೇ? ನಂತರ ಸಿಗುವ 14 ಅಂಕಿಗಳ ಸಂಖ್ಯೆಯನ್ನು ಎಫ್‌ಎಸ್‌ಎಸ್‌ಎಐ ಚಿಹ್ನೆಯೊಂದಿಗೆ ಪ್ರತಿ ಪ್ಯಾಕೆಟ್ ಮೇಲೂ ಮುದ್ರಿಸಬೇಕು. ಮಾರಾಟದ ಆ್ಯಪ್‌ಗಳೂ ಮೊದಲು ಕೇಳುವುದು ಇದನ್ನೇ.

ಅಷ್ಟಕ್ಕೇ ಮುಗಿಯಿತು ಎಂದು ಬಹಳ ಜನ ತಿಳಿಯುತ್ತಾರೆ. ಮುಂಚೆಯೇ ಪ್ಯಾಕ್ ಮಾಡಿ ಮಾರುವ ವಸ್ತುವಾದ್ದರಿಂದ ಕಾನೂನು ಮಾಪನ ಶಾಸ್ತ್ರ ಇಲಾಖೆಯಲ್ಲಿ ಪ್ಯಾಕ್ ಮಾಡುವವರಾಗಿಯೂ ಹೆಸರು ನೋಂದಾಯಿಸಬೇಕು. ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ದೂರು ಹೇಳಲು ದೂರವಾಣಿ ಸಂಖ್ಯೆ ಮತ್ತು ಇಮೇಲ್ ಲೇಬಲ್ ಮೇಲೆ ಬರುವುದು ಆ ಇಲಾಖೆಯ ನಿಯಮದಂತೆ.

ಲೇಬಲ್‌ನಲ್ಲಿ ತಪ್ಪಾಗುವುದು ಪದಾರ್ಥಗಳ ಪಟ್ಟಿಯಲ್ಲಿ. ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯದು ಕೊನೆಗೆ ಬರಬೇಕು. ಒಂದು ಕಿಲೋ ಶೇಂಗಾಕ್ಕೆ 120 ಗ್ರಾಂ ಒಣಮೆಣಸಿನಕಾಯಿ, 100 ಗ್ರಾಂ ಬೆಳ್ಳುಳ್ಳಿ, 60 ಗ್ರಾಂ ಉಪ್ಪು, 20 ಗ್ರಾಂ ಜೀರಿಗೆ, ಸ್ವಲ್ಪ ಇಂಗು ಹಾಕುತ್ತೀರಿ ಎಂದುಕೊಳ್ಳಿ. ಪಟ್ಟಿಯೂ ಇದೇ ಕ್ರಮದಲ್ಲಿರುತ್ತದೆ. ಅದರ ಕೆಳಗೆ ಅಲರ್ಜಿ ಉಂಟುಮಾಡಬಲ್ಲ ಪದಾರ್ಥಗಳನ್ನು ಬೇರೆಯಾಗಿ ಹೇಳಬೇಕು. ಹೆಸರಿನಲ್ಲೇ ಶೇಂಗಾ ಇದ್ದರೂ ‘ಶೇಂಗಾ ಇದೆ’ ಎಂದು ಬರೆಯಬೇಕು. ಇಂಗಿನ ಡಬ್ಬಿಯನ್ನೂ ಒಮ್ಮೆ ತಿರುಗಿಸಿ ನೋಡಿ. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಹಾಗಿದ್ದರೆ ಗೋಧಿಯೂ ಆ ಸಾಲಿಗೆ ಸೇರಬೇಕು. ಗೋಧಿ ಆಗದ ಮಗುವಿನ ತಾಯಿ ನಿಮ್ಮ ಪುಡಿಯನ್ನು ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವುದು ಆ ಸಾಲನ್ನು ಓದಿಯೇ.

ಇನ್ನೊಂದು ಮಾತು: ಲೇಬಲ್ ಬರೀ ಕನ್ನಡದಲ್ಲಿದ್ದರೆ ಕಾನೂನಿಗೆ ಸಾಲದು. ವಿವರಗಳು ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಕನ್ನಡವೂ ಇರಲಿ. ದಯವಿಟ್ಟು ಹಾಕಿ. ಸಸ್ಯಾಹಾರದ ಹಸಿರು ಚಿಹ್ನೆ, ನಿಮ್ಮ ಹೆಸರು, ಪೂರ್ಣ ವಿಳಾಸ, ಬ್ಯಾಚ್ ಸಂಖ್ಯೆಗಳನ್ನೂ ಮರೆಯಬೇಡಿ.

ಈಗ ತಾರೀಖಿಗೆ ಬರೋಣ. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಕಾಳು ಇಡಿಯಾಗಿದ್ದಾಗ ಆ ಎಣ್ಣೆಗೆ ಗಾಳಿ ತಾಗುವುದು ಕಡಿಮೆ. ಪುಡಿ ಮಾಡಿದ ಕೂಡಲೇ ಎಲ್ಲ ಕಡೆಯಿಂದ ತಾಗುತ್ತದೆ, ಬಿಸಿಲೂ ಸೆಕೆಯೂ ಸೇರಿದರೆ ಬೇಗ ಕಮಟು ಹಿಡಿಯುತ್ತದೆ. ಎರಡನೆಯ ಶತ್ರು ತೇವ. ಬೆಳ್ಳುಳ್ಳಿಯನ್ನು ಹಸಿಯಾಗಿ ಹಾಕಿದರೆ, ಅಥವಾ ಪುಡಿ ಬೆಚ್ಚಗಿರುವಾಗಲೇ ಪ್ಯಾಕೆಟ್ ಮುಚ್ಚಿದರೆ, ಒಳಗೆ ಹಬೆ ಕೂತು ಗಂಟು ಕಟ್ಟುತ್ತದೆ, ಬೂಷ್ಟಿಗೆ ದಾರಿಯಾಗುತ್ತದೆ. ಮುರುಟಿದ, ಬಣ್ಣ ಕೆಟ್ಟ ಕಾಳುಗಳನ್ನು ಹುರಿಯುವ ಮೊದಲೇ ಆರಿಸಿ ಎಸೆಯಿರಿ. ಶೇಂಗಾದ ಮೇಲೆ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಮಾಮೂಲಿ ಪಾಲಿಥೀನ್ ಚೀಲ ಗಾಳಿಯನ್ನು ಚೆನ್ನಾಗಿ ತಡೆಯುವುದಿಲ್ಲ. ಒಳಗೆ ಅಲ್ಯೂಮಿನಿಯಂ ಪದರವಿರುವ, ಬಿಸಿ ಮಾಡಿ ಬಾಯಿ ಅಂಟಿಸುವ ಪೌಚ್ ತರಿಸಿ.

ಅವಧಿ ಕಂಡುಕೊಳ್ಳಲು ಒಂದೇ ಬ್ಯಾಚಿನ ಏಳೆಂಟು ಪ್ಯಾಕೆಟ್‌ಗಳನ್ನು, ಮಾರುವ ಪೌಚಿನಲ್ಲೇ, ಸಾಮಾನ್ಯ ಕಪಾಟಿನಲ್ಲಿಡಿ. ಫ್ರಿಜ್‌ನಲ್ಲಿಡಬೇಡಿ. 15 ದಿನಕ್ಕೊಂದನ್ನು ಒಡೆದು ವಾಸನೆ, ರುಚಿ, ಬಣ್ಣ, ಗಂಟು ನೋಡಿ ಪುಸ್ತಕದಲ್ಲಿ ಬರೆದಿಡಿ. ನೀವೊಬ್ಬರೇ ರುಚಿ ನೋಡಿದರೆ ಸಾಲದು, ಅದು ಹಳೆಯ ಪ್ಯಾಕೆಟ್ ಎಂದು ಗೊತ್ತಿಲ್ಲದವರಿಗೂ ಕೊಡಿ. 75ನೆಯ ದಿನ ಯಾರೋ ಒಬ್ಬರು ಕಮಟು ಎಂದರೆ, ಚೆನ್ನಾಗಿದ್ದ ಕೊನೆಯ ದಿನ 60. ಗ್ರಾಹಕರ ಮನೆಯ ಸೆಕೆ, ಕೊರಿಯರ್ ಗೋದಾಮಿನ ಬಿಸಿ ನಿಮ್ಮ ಕೈಯಲ್ಲಿಲ್ಲವಾದ್ದರಿಂದ ಸ್ವಲ್ಪ ಇಳಿಸಿ 45 ದಿನ ಎಂದು ಹಾಕಿ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಈ ಪರೀಕ್ಷೆ ಮಾಡಬೇಕು, ಕಡಿಮೆ ಬಂದದ್ದನ್ನೇ ಇಟ್ಟುಕೊಳ್ಳಬೇಕು. ರೋಗಾಣು, ವಿಷ ಮೂಗಿಗೆ ತಿಳಿಯುವುದಿಲ್ಲ. ಅದಕ್ಕಾಗಿ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಒಂದು ಹೊಸ ಪ್ಯಾಕೆಟ್ ಮತ್ತು ಅವಧಿ ಮುಗಿಯುತ್ತಿರುವ ಒಂದು ಪ್ಯಾಕೆಟ್ ಕಳಿಸಿ. ತೇವಾಂಶ, ಪೆರಾಕ್ಸೈಡ್ ಪ್ರಮಾಣ, ಬೂಷ್ಟು ಮತ್ತು ಯೀಸ್ಟ್, ಅಫ್ಲಾಟಾಕ್ಸಿನ್ ಇಷ್ಟನ್ನು ಕೇಳಿದರೆ ಸಾಕು. ಪೆರಾಕ್ಸೈಡ್ ಏರಿದೆಯೆಂದರೆ ನಾಲಗೆಗೆ ತಿಳಿಯುವ ಮೊದಲೇ ಎಣ್ಣೆ ಕೆಡಲು ಶುರುವಾಗಿದೆ ಎಂದರ್ಥ.

ತಯಾರಿಸಿದ ತಾರೀಖು ಮತ್ತು ಎಕ್ಸ್‌ಪೈರಿ ತಾರೀಖು ಎರಡೂ ಲೇಬಲ್ ಮೇಲಿರಬೇಕು. ‘ಬೆಸ್ಟ್ ಬಿಫೋರ್’ ಒಂದನ್ನೇ ಹಾಕಿದರೆ ಸಾಲದು. ಬಾಳಿಕೆ ಮೂರು ತಿಂಗಳಿಗಿಂತ ಕಡಿಮೆಯಾದ್ದರಿಂದ ದಿನ, ತಿಂಗಳು, ವರ್ಷ ಮೂರನ್ನೂ ಬರೆಯಬೇಕು.

ಆನ್‌ಲೈನ್ ಮಾರಾಟದಲ್ಲಿ ಮಾತ್ರ ಎದುರಾಗುವ ಲೆಕ್ಕವೊಂದಿದೆ. ಗ್ರಾಹಕರ ಕೈ ಸೇರುವಾಗ ಶೇ 30ರಷ್ಟು ಬಾಳಿಕೆಯೋ ಅಥವಾ 45 ದಿನವೋ ಉಳಿದಿರಬೇಕು ಎಂದು ಎಫ್‌ಎಸ್‌ಎಸ್‌ಎಐ ಮಾರಾಟ ಜಾಲತಾಣಗಳಿಗೆ ಹೇಳಿದೆ. ನಿಮ್ಮ 45 ದಿನದ ಪುಡಿಗೆ ಶೇ 30 ಎಂದರೆ ಸುಮಾರು 14 ದಿನ. ಅಂದರೆ 31ನೆಯ ದಿನದೊಳಗೆ ಅದು ಮನೆ ಮುಟ್ಟಬೇಕು. ಕೊರಿಯರ್‌ಗೆ ಆರು ದಿನ ಬಿಟ್ಟರೆ 25ನೆಯ ದಿನದೊಳಗೆ ನಿಮ್ಮ ಮನೆಯಿಂದ ಹೊರಡಬೇಕು. ಹಾಗಾದರೆ ಒಮ್ಮೆಗೆ ಮಾಡುವ ಬ್ಯಾಚು ಮೂರೂವರೆ ವಾರದಲ್ಲಿ ಖರ್ಚಾಗುವಷ್ಟಿರಬೇಕು, ಅದಕ್ಕಿಂತ ಹೆಚ್ಚು ಮಾಡಬಾರದು. ವಾರಕ್ಕೆ ಎರಡು ಕಿಲೋ ಹೋಗುತ್ತದೆ ಎಂದಾದರೆ ಏಳು ಕಿಲೋ ಮಿತಿ. ನನ್ನನ್ನು ಕೇಳಿದರೆ ನಾಲ್ಕರಲ್ಲೇ ನಿಲ್ಲಿಸಿ.

ಪ್ರತಿ ಬ್ಯಾಚಿನಿಂದ ಒಂದು ಪ್ಯಾಕೆಟನ್ನು ಅದರ ಎಕ್ಸ್‌ಪೈರಿ ತಾರೀಖು ದಾಟುವವರೆಗೆ ಮಾರದೆ ಇಟ್ಟುಕೊಳ್ಳಿ. ಯಾರಾದರೂ ಕೆಟ್ಟಿದೆ ಎಂದು ದೂರಿದರೆ, ಬ್ಯಾಚ್ ಸಂಖ್ಯೆ ನೋಡಿ ಅದನ್ನು ಒಡೆಯಿರಿ. ಅದೂ ಕಮಟಾಗಿದ್ದರೆ ಆ ಬ್ಯಾಚ್ ಕೊಂಡ ಎಲ್ಲರಿಗೂ ಅಂದೇ ಫೋನ್ ಮಾಡಿ ವಾಪಸ್ ಪಡೆಯಿರಿ. ಅದು ಚೆನ್ನಾಗಿದ್ದರೆ ದೂರಿದವರ ಪೌಚಿನ ಅಂಟು ಬಿಟ್ಟಿತ್ತೇ ಎಂದು ಫೋಟೊ ಕೇಳಿ.