ಹೆಸರು ತೆಗೆದರೂ ಗುರುತು ಉಳಿಯುತ್ತದೆ

*ಸಂಪಾದಕರೇ, ನಮ್ಮದು ಕಾಫಿ ಬೆಳೆಗಾರರ ಸಣ್ಣ ಸಂಘ. ಆನೆ ಹಾವಳಿ ಬಗ್ಗೆ ನಡೆದ ಸಭೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬರಹಕ್ಕೆ ಇಳಿಸಿ, ಎರಡು ಪುಟದ ಸಾರಾಂಶ ಮಾಡಿದ್ದೇನೆ. ತಾಲ್ಲೂಕಿನ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಕಳಿಸಿ ಎಂದು ಸದಸ್ಯರು ಹೇಳುತ್ತಿದ್ದಾರೆ. ಹೆಸರುಗಳನ್ನೆಲ್ಲ ತೆಗೆದಿದ್ದೇನೆ. ಅಷ್ಟು ಸಾಕಾ? ಒಂದು ಪ್ಯಾರಾ ಜೊತೆಗಿಟ್ಟಿದ್ದೇನೆ, ನೋಡಿ ಹೇಳಿ.*
*— ಒಬ್ಬ ಕಾರ್ಯದರ್ಶಿ, ಹಾಸನ ಜಿಲ್ಲೆ*

ಸಾಲದು. ನೀವು ಕಳಿಸಿದ ಪ್ಯಾರಾದಲ್ಲಿ ಒಂದೂ ಹೆಸರಿಲ್ಲ, ನಿಜ. ಆದರೂ ನಿಮ್ಮ ಊರಿನವರು ಓದಿದರೆ ಮೊದಲ ಸಾಲಿಗೇ ಅದು ಯಾರ ಮಾತು ಎಂದು ಹೇಳಿಬಿಡುತ್ತಾರೆ. ಅದಕ್ಕೇ ಅದನ್ನು ಇಲ್ಲಿ ಅಚ್ಚು ಮಾಡುತ್ತಿಲ್ಲ. ತೋಟ, ಲೆಕ್ಕ, ಸಂಬಂಧ ಎಲ್ಲ ಬದಲಿಸಿ ಅದೇ ಥರದ್ದೊಂದನ್ನು ನಾನೇ ಬರೆದಿದ್ದೇನೆ:

"ಹೊಳೆ ಪಕ್ಕದ ತೋಟದ, ಹೋದ ವರ್ಷ ಗಂಡನನ್ನು ಕಳೆದುಕೊಂಡ ಸದಸ್ಯೆಯೊಬ್ಬಳು, ಆನೆ 40 ಕಾಫಿ ಗಿಡ ಮುರಿದಿದೆ ಎಂದಳು. ಪರಿಹಾರದ ಅರ್ಜಿ ಮುಂದೆ ಕಳಿಸಲು ಫಾರೆಸ್ಟ್ ಗಾರ್ಡ್ ದುಡ್ಡು ಕೇಳಿದ, ಬ್ಯಾಂಕಿನ ಎರಡು ಕಂತು ಬಾಕಿ ಇದೆ ಎಂದಳು. ಮೇಲಿನ ತೋಟದವರು ಬೇಲಿಗೆ ಮನೆ ಲೈನಿನಿಂದ ಕರೆಂಟು ಕೊಡುತ್ತಾರೆ ಎಂದು ಸಿಟ್ಟಾದಳು."

ಇಲ್ಲಿ ಮೂವರು ಸಿಕ್ಕಿಬೀಳುತ್ತಾರೆ. ಆ ಹೆಣ್ಣುಮಗಳು, ಗಾರ್ಡ್, ಮೇಲಿನ ತೋಟದವರು. ಹೊಳೆ ಪಕ್ಕದ ತೋಟಗಳು ನಾಲ್ಕಾರು ಇರಬಹುದು. ಗಂಡ ತೀರಿಹೋದವರು ಊರಲ್ಲಿ ಇನ್ನೂ ಕೆಲವರು ಇರಬಹುದು. ಎರಡನ್ನೂ ಸೇರಿಸಿದರೆ ಉಳಿಯುವುದು ಒಬ್ಬರೇ. ಒಂದೊಂದಾಗಿ ನೋಡಿದರೆ ಏನೂ ಅಲ್ಲದ ವಿವರಗಳು ಜೊತೆ ಸೇರಿದಾಗಲೇ ಗುರುತಾಗುತ್ತವೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಲತಾನ್ಯ ಸ್ವೀನಿ ಎಂಬ ಸಂಶೋಧಕಿ ಇದನ್ನು ಮಾಡಿಯೇ ತೋರಿಸಿದ್ದರು. ಹೆಸರು ತೆಗೆದಿದ್ದ ಆಸ್ಪತ್ರೆ ದಾಖಲೆಗಳಲ್ಲಿ ಹುಟ್ಟಿದ ದಿನ, ಹೆಣ್ಣೋ ಗಂಡೋ, ಅಂಚೆಯ ಪಿನ್ ಇಷ್ಟು ಉಳಿದಿದ್ದವು. ಅದನ್ನು ಮತದಾರರ ಪಟ್ಟಿಯ ಜೊತೆ ಹೋಲಿಸಿ, ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ದಾಖಲೆಯನ್ನೇ ಹುಡುಕಿ ತೆಗೆದರು. ನಮ್ಮ ಮಲೆನಾಡಿನ ಊರಿಗೆ ಮತದಾರರ ಪಟ್ಟಿಯೂ ಬೇಕಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತು, ಅಲ್ವಾ?

ಹಾಗಾಗಿ ಪ್ರತಿ ವಿವರದ ಮುಂದೆ ನಿಂತು ಒಂದು ಪ್ರಶ್ನೆ ಕೇಳಿಕೊಳ್ಳಿ. ಬೇರೆ ಊರಿನ ಬೆಳೆಗಾರ ಇದನ್ನು ಓದಿ ಏನಾದರೂ ಮಾಡಬೇಕಾದರೆ ಈ ವಿವರ ಬೇಕಾ? ಆನೆ ಬಂದದ್ದು, ಅರ್ಜಿ ನಿಂತದ್ದು, ಬೇಲಿಯ ಅಪಾಯ, ಇವು ಬೇಕು. ಗಂಡನ ಸಾವು, ಬ್ಯಾಂಕಿನ ಕಂತು ಬೇಡ. ಆಕೆ ನಂಬಿದ ಜನರ ಮುಂದೆ ಮನಸ್ಸು ಬಿಚ್ಚಿ ಹೇಳಿದ ಮಾತು ಅದು. 40 ಗಿಡವೂ ಬೇಡ. ಲೆಕ್ಕ ಬೇಕೇ ಬೇಕು ಎಂದರೆ ಹಲವರ ನಷ್ಟ ಕೂಡಿಸಿ ಬರೆಯಿರಿ. ಇಬ್ಬರದ್ದನ್ನು ಮಾತ್ರ ಕೂಡಿಸಬೇಡಿ. ಒಬ್ಬರು ತಮ್ಮ ಲೆಕ್ಕ ಕಳೆದರೆ ಇನ್ನೊಬ್ಬರದ್ದು ತಾನಾಗಿ ಗೊತ್ತಾಗುತ್ತದೆ.

"ಎಂದಳು" ಎನ್ನುವುದೂ ಗುರುತೇ. ಸಭೆಗೆ ಬಂದ ಹೆಂಗಸರು ಇಬ್ಬರು ಮೂವರು ಮಾತ್ರ ಆಗಿದ್ದರೆ ಆ ಒಂದು ಕ್ರಿಯಾಪದ ಸಾಕು. ಎಲ್ಲರಿಗೂ "ಸದಸ್ಯರು ಎಂದರು" ಎಂದೇ ಬರೆಯಿರಿ.

ಗಾರ್ಡ್ ವಿಷಯ ಇನ್ನೂ ಸೂಕ್ಷ್ಮ. ಹೆಸರಿಲ್ಲದಿದ್ದರೂ ಆ ಬೀಟಿಗೆ ಇರುವ ಗಾರ್ಡ್ ಯಾರೆಂದು ಎಲ್ಲರಿಗೂ ಗೊತ್ತು. ಮಾತು ನಿಜವೇ ಇರಬಹುದು. ಆದರೆ ಸಾರಾಂಶದಲ್ಲಿ ಹೋದಾಗ ಅದು ಒಬ್ಬರ ದೂರಾಗಿ ಉಳಿಯುವುದಿಲ್ಲ, ಸಂಘವೇ ಹೊರಿಸಿದ ಆರೋಪವಾಗುತ್ತದೆ. ಮಾನಹಾನಿ ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೂ ಅಪರಾಧವೇ. ಆಕೆಗೆ ಆಗುವ ತೊಂದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅರ್ಜಿ ಇನ್ನೂ ಅದೇ ಗಾರ್ಡ್ ಕೈಯಲ್ಲಿದೆ. ಆ ಮಾತನ್ನು ಹಂಚುವ ಪ್ರತಿಯಿಂದ ತೆಗೆಯಿರಿ. ಆಕೆ ಒಪ್ಪಿದರೆ ದಿನಾಂಕ, ಸ್ಥಳ ಸಮೇತ ವಲಯ ಅರಣ್ಯಾಧಿಕಾರಿಗೋ ಲೋಕಾಯುಕ್ತಕ್ಕೋ ಬರವಣಿಗೆಯಲ್ಲಿ ದೂರು ಕೊಡಲು ಸಂಘ ಜೊತೆಗೆ ನಿಲ್ಲಲಿ.

ಇಷ್ಟಾದ ಮೇಲೆ ಪ್ಯಾರಾ ಹೀಗೆ ಉಳಿಯುತ್ತದೆ:

"ಆನೆಯಿಂದ ಕಾಫಿ ಗಿಡ ಹಾಳಾದ ಸದಸ್ಯರು, ಪರಿಹಾರದ ಅರ್ಜಿ ಮುಂದೆ ಹೋಗುತ್ತಿಲ್ಲ ಎಂದರು. ಕೆಲವು ಕಡೆ ಬೇಲಿಗೆ ಮನೆ ಲೈನಿನಿಂದ ನೇರ ಕರೆಂಟು ಕೊಡುತ್ತಿರುವ ಮಾತೂ ಬಂತು."

"ಮಾತು ಬಂತು" ಎಂದು ಬರೆದದ್ದನ್ನು ಗಮನಿಸಿ. ಸಭೆ ತೀರ್ಮಾನ ಮಾಡಿರದಿದ್ದರೆ "ತೀರ್ಮಾನಿಸಿತು" ಎಂದು ನಯ ಮಾಡಬಾರದು. ಇನ್ನೊಂದು ಎಚ್ಚರ. ಸಂಘದ ಲೆಕ್ಕ ಸರಿಯಿಲ್ಲ ಎಂದು ಯಾರಾದರೂ ಸಭೆಯಲ್ಲಿ ಕೇಳಿದ್ದರೆ ಅದನ್ನು "ಸೂಕ್ಷ್ಮ ಮಾತು" ಎಂದು ಅಳಿಸುವ ಹಕ್ಕು ಕಾರ್ಯದರ್ಶಿಗಿಲ್ಲ. ಕೇಳಿದವರ ಹೆಸರು ತೆಗೆಯಬಹುದು, ಪ್ರಶ್ನೆ ಉಳಿಯಬೇಕು. ಪದಾಧಿಕಾರಿಗಳು ಪದಾಧಿಕಾರಿಗಳಾಗಿ ಕೊಟ್ಟ ಉತ್ತರವೂ ಅವರ ಹೆಸರಿನಲ್ಲೇ ಇರಲಿ. ಏನನ್ನು ಯಾಕೆ ತೆಗೆದಿರಿ ಎಂಬುದನ್ನು ಸಭೆಯಲ್ಲಿದ್ದ ಇನ್ನೊಬ್ಬರಿಗೆ ತೋರಿಸಿ ಒಪ್ಪಿಗೆ ಪಡೆದರೆ ಮುಂದೆ ಅನುಮಾನಕ್ಕೆ ಜಾಗ ಇರುವುದಿಲ್ಲ.

ಹೆಸರು ಹುಡುಕಿ ತೆಗೆಯುವ ಕೆಲಸದಲ್ಲೇ ತಪ್ಪು ಜಾಸ್ತಿ. ಮೊಬೈಲು ಮಾತನ್ನು ಬರಹಕ್ಕೆ ಇಳಿಸುವಾಗ ಒಂದೇ ಹೆಸರನ್ನು ಮೂರು ಥರ ಬರೆದಿರುತ್ತದೆ. ಮೇಲೆ ಅಣ್ಣ, ಗೌಡ್ರು, ಅಕ್ಕ, ವಿಭಕ್ತಿ ಸೇರಿ ಪದ ಬೇರೆಯೇ ಆಗಿರುತ್ತದೆ. ಪೂರ್ತಿ ಹೆಸರಿನ ಬದಲು ಮೊದಲ ಎರಡು ಅಕ್ಷರ ಹಾಕಿ ಹುಡುಕಿ. ಫೋನ್ ನಂಬರನ್ನು ಬಾಯಲ್ಲಿ ಹೇಳಿದಾಗ ಅದು "ಒಂಬತ್ತು ಎಂಟು" ಎಂದು ಅಕ್ಷರದಲ್ಲೂ ಬಂದಿರಬಹುದು. ಸರ್ವೆ ನಂಬರ್, ತೋಟದ ಹೆಸರು, "ನಮ್ಮ ಭಾವ" ಎನ್ನುವಂಥ ಸಂಬಂಧ, ಇವನ್ನು ಕಣ್ಣಿಂದ ಓದಿಯೇ ಹಿಡಿಯಬೇಕು. ಯಾರದಾದರೂ ಮಾತನ್ನು ಹಾಗೆ ಹಾಗೇ ಇಟ್ಟಿದ್ದರೆ ನಿಮ್ಮ ಮಾತಿನಲ್ಲಿ ತಿರುಗಿ ಬರೆಯಿರಿ. ಮಾತಿನ ಧಾಟಿಯಿಂದಲೇ ಜನ ಆಳನ್ನು ಹಿಡಿಯುತ್ತಾರೆ.

ಸಾಲಿನ ಮೇಲೆ ಕಪ್ಪು ಪಟ್ಟಿ ಎಳೆದು ಪಿಡಿಎಫ್ ಮಾಡಿದರೆ ಎಷ್ಟೋ ಸಲ ಅಕ್ಷರ ಕೆಳಗೆ ಹಾಗೇ ಇರುತ್ತದೆ. ಪುಟವನ್ನೆಲ್ಲ ಆರಿಸಿ ಕಾಪಿ ಮಾಡಿ ಖಾಲಿ ಫೈಲಿಗೆ ಹಾಕಿದರೆ ಹೊರಬರುತ್ತದೆ. ಕಳಿಸುವ ಮುಂಚೆ ನೀವೇ ಹೀಗೆ ಮಾಡಿ ನೋಡಿ. ಪದವನ್ನು ಅಳಿಸಿಯೇ ತೆಗೆಯಬೇಕು. ಆಮೇಲೆ ಉಳಿದ ಬರಹವನ್ನು ಹೊಸ ಫೈಲಿಗೆ ಹಾಕಿ. ಹಳೇ ಫೈಲಿನಲ್ಲಿ ತಿದ್ದುಪಡಿಗಳು, ಅಂಚಿನ ಟಿಪ್ಪಣಿಗಳು ಉಳಿದಿರಬಹುದು. ಫೈಲಿನ ಹೆಸರಿನಲ್ಲಿ ಊರು ಇದೆಯೇ, ಕೊನೆಯಲ್ಲಿ ರೆಕಾರ್ಡಿಂಗಿನ ಲಿಂಕ್ ಇದೆಯೇ, ಅದನ್ನೂ ನೋಡಿ. ಪೂರ್ತಿ ಪ್ರತಿ ನಿಮ್ಮ ಮತ್ತು ಅಧ್ಯಕ್ಷರ ಬಳಿ ಮಾತ್ರ ಇರಲಿ. ವಾಟ್ಸಾಪಿಗೆ ಹೋದ ಮೇಲೆ ಅಳಿಸಿದರೂ, ಅಷ್ಟರಲ್ಲಿ ಇಳಿಸಿಕೊಂಡವರ, ಮುಂದೆ ಕಳಿಸಿದವರ ಬಳಿ ಅದು ಇದ್ದೇ ಇರುತ್ತದೆ.

ಕೊನೆಗೆ ಆ ಹೆಣ್ಣುಮಗಳಿಗೇ ತೋರಿಸಿ. "ಇದರಲ್ಲಿ ನೀವು ಕಾಣುತ್ತೀರಾ?" ಎಂದು ಕೇಳಿ. ಅವರು ಬೇಡ ಎಂದ ಸಾಲು ಬೇಡ.

ಬೇಲಿಯ ಮಾತು ಮಾತ್ರ ಸಾರಾಂಶ ತಯಾರಾಗುವ ತನಕ ಕಾಯುವಂಥದ್ದಲ್ಲ. ಸೋಲಾರ್ ಬೇಲಿಯ ಕರೆಂಟು ಬಿಟ್ಟು ಬಿಟ್ಟು ಹೊಡೆಯುತ್ತದೆ, ಮನೆ ಲೈನು ಹಿಡಿದದ್ದನ್ನು ಬಿಡುವುದಿಲ್ಲ. ಆನೆಯ ಜೊತೆ ಕೆಲಸಕ್ಕೆ ಬಂದ ಆಳೂ ಸಾಯಬಹುದು. ಸುಮ್ನೆ ಸಾರಾಂಶದಲ್ಲಿ ಹೆಸರು ಮುಚ್ಚಿ ಕೂರುವುದಲ್ಲ. ಸಂಘದ ಇಬ್ಬರು ಹಿರಿಯರು ಇವತ್ತೇ ಆ ತೋಟಕ್ಕೆ ಹೋಗಿ ತಂತಿ ತೆಗೆಸಲಿ. ಅವರು ಒಪ್ಪದಿದ್ದರೆ, ಮಾತು ಯಾರಿಂದ ಬಂತು ಎಂದು ಹೇಳದೆ ಕರೆಂಟು ಕೊಡುವ ಸೆಸ್ಕ್ ಕಂಪನಿಯ ಕಚೇರಿಗೆ ತಿಳಿಸಿ.