ಅತಿಥಿ ಹೆಸರನ್ನ ಕಾರ್ಡ್ ನೋಡಿ ಓದ್ಬೇಡಿ, ಅವರ ಬಾಯಿಂದಲೇ ಕೇಳ್ಕೊಳ್ಳಿ

ಪ್ರಶ್ನೆ: ಗೋವಾದಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನಿರೂಪಣೆ ನಂಗೆ ಕೊಟ್ಟಿದಾರೆ. ಮುಖ್ಯ ಅತಿಥಿ ಇಲ್ಲಿಯವರೇ, ಹೆಸರಲ್ಲಿ Conceicao ಅಂತ ಇದೆ, ಓದಕ್ಕೇ ಬರ್ತಿಲ್ಲ. ಸ್ಟೇಜ್ ಮೇಲೆ ತಪ್ಪಾಗದ ಹಾಗೆ ಹೇಗೆ ಹೇಳೋದು?

ವಾಸ್ಕೋ, ಮಡಗಾಂವ್ ಕಡೆ ಕನ್ನಡ ಕಾರ್ಯಕ್ರಮಗಳಿಗೆ ನಾನೂ ನಿರೂಪಣೆ ಮಾಡ್ತೀನಿ, ಇಲ್ಲಿ ಎಲ್ರೂ ಎಡವೋದು ಇದೇ ಜಾಗದಲ್ಲಿ. ಯಾಕಂದ್ರೆ ಗೋವಾದ ತುಂಬಾ ಹೆಸರುಗಳ ಸ್ಪೆಲ್ಲಿಂಗ್ ಇಂಗ್ಲಿಷಿನದಲ್ಲ, ಪೋರ್ಚುಗೀಸಿನದು, ನಾವು ಅದನ್ನ ಇಂಗ್ಲಿಷ್ ಥರ ಓದಕ್ಕೆ ಹೋಗ್ತೀವಿ. Quepem ಅಂತ ಬೋರ್ಡ್ ಇರತ್ತೆ, ಊರಿನವರು ಕೆಪೆ ಅಂತಾರೆ, ಕೊನೆಯ m ಬರೀ ಮೂಗಲ್ಲಿ ಬಂದ್ಹೋಗತ್ತೆ. ಹಾಗೇ x ಅಂದ್ರೆ ಸಾಮಾನ್ಯವಾಗಿ ಶ. ನಿಮ್ಮ ಅತಿಥಿ ಹೆಸರಲ್ಲಿ ಇನ್ನೊಂದು ತೊಂದರೆ ಇದೆ, ಅದರ ಸರಿಯಾದ ರೂಪ Conceição, ಕೊನೆಯ c ಕೆಳಗೊಂದು ಬಾಲ, a ಮೇಲೊಂದು ಅಲೆ. ಟೈಪ್ ಮಾಡೋವಾಗ ಅವೆರಡೂ ಬಿಟ್ಟುಹೋಗತ್ತೆ, ಆಮೇಲೆ ಓದೋರು ಕಾನ್ಸಿಕಾವೋ ಅಂತಾರೆ. ಆ ಬಾಲ ಇದ್ರೆ c ಅನ್ನ ಸ ಅಂತ ಓದ್ಬೇಕು, ಕೊನೆಯ ão ಮೂಗಿನ ಸ್ವರ, ಅಂದ್ರೆ ಕೊನ್ಸೆಯ್ಸಾಂವ್ ಹತ್ರ ಹತ್ರ ಬರತ್ತೆ.

ಆದ್ರೆ ಇಷ್ಟು ಗೊತ್ತಾಯ್ತು ಅಂತ ಅಲ್ಲಿಗೇ ನಿಲ್ಲಿಸ್ಬೇಡಿ. ಇದು ಊಹೆ ಅಷ್ಟೆ. Xavier ಅನ್ನೋದನ್ನ ಒಬ್ಬರ ಮನೇಲಿ ಶಾವಿಯೆರ್ ಅಂತಾರೆ, ಇನ್ನೊಬ್ಬರು ಸ್ಕೂಲಿಂದಲೂ ಝೇವಿಯರ್ ಅಂತಲೇ ಕರೆಸ್ಕೊಂಡು ಬಂದಿರ್ತಾರೆ, ಅವರಿಗೆ ಶಾವಿಯೆರ್ ಅಂದ್ರೆ ಅದೂ ತಪ್ಪೇ. ಹೆಸರು ಯಾರದೋ ಅವರು ಹೇಳಿದ್ದೇ ಸರಿ. ಅದಕ್ಕೇ ಸಂಘದ ಸೆಕ್ರೆಟರಿ ಹತ್ರ ಕೇಳ್ಬೇಡಿ, ಅವರೂ ಕಾರ್ಡ್ ನೋಡಿನೇ ಹೇಳ್ತಿರ್ತಾರೆ, ನೇರವಾಗಿ ಅತಿಥಿಗೇ ಫೋನ್ ಮಾಡಿ.

ಕೇಳೋ ರೀತಿ ತುಂಬಾ ಮುಖ್ಯ. "ಸರ್, ನಿಮ್ಮ ಹೆಸರು ಹೀಗೇ ಅಲ್ವಾ" ಅಂತ ನೀವೇ ಮೊದಲು ಹೇಳಿದ್ರೆ ಮರ್ಯಾದಸ್ಥರು "ಹಾ ಹಾ, ನಡಿಯತ್ತೆ" ಅಂದುಬಿಡ್ತಾರೆ, ಯಾರೂ ಫೋನಲ್ಲಿ ಪಾಠ ಮಾಡಲ್ಲ. ಹಾಗಾಗಿ "ಸ್ಟೇಜ್ ಮೇಲೆ ನಿಮ್ಮ ಪೂರ್ತಿ ಹೆಸರು ಹೇಗೆ ಹೇಳ್ಬೇಕು ಅಂತ ಒಂದ್ಸಲ ನೀವೇ ಹೇಳ್ತೀರಾ" ಅಂತ ಕೇಳಿ. ಅವರು ಹೇಳಿದ ಮೇಲೆ ನೀವು ಹೇಳಿ ತೋರಿಸಿ. ಆಗ ಅವರು ಮತ್ತೆ ಅದೇ ಹೆಸರನ್ನ ನಿಧಾನಕ್ಕೆ ಹೇಳಿದ್ರೆ ನಿಮ್ಮದು ಇನ್ನೂ ಸರಿಯಾಗಿಲ್ಲ ಅಂತ ಅರ್ಥ, ಬಾಯಿಬಿಟ್ಟು ತಪ್ಪು ಅನ್ನಲ್ಲ ಅವರು. ವಾಟ್ಸಾಪಲ್ಲಿ ಒಂದು ವಾಯ್ಸ್ ಮೆಸೇಜ್ ಕಳ್ಸಿ ಅಂದ್ರೆ ಇನ್ನೂ ಒಳ್ಳೇದು, ಹಿಂದಿನ ದಿನ ಕೇಳ್ಕೊಂಡು ಪ್ರಾಕ್ಟೀಸ್ ಮಾಡಬಹುದು.

ಕೇಳಿದ್ದನ್ನ ಕನ್ನಡದಲ್ಲೇ ಬರ್ಕೊಳ್ಳಿ. ಇಂಗ್ಲಿಷ್ l ಒಳಗೆ ಲ ಇದೆಯೋ ಳ ಇದೆಯೋ ಗೊತ್ತಾಗಲ್ಲ (Kale ಅಂತ ಬರೆಯೋ ಮರಾಠಿಯವರು ಕಾಳೆ), ನಮ್ಮ ಲಿಪಿಲಿ ಆ ಗೊಂದಲ ಇಲ್ಲ. ಆದ್ರೆ ಮರಾಠಿ, ಕೊಂಕಣಿಯ ಇನ್ನೊಂದು ಚ ಇದೆಯಲ್ಲ, ತ್ಸ ಥರ ಬರೋದು, ಚಾಫೇಕರ್ ಅನ್ನೋದ್ರಲ್ಲಿ ಇರೋದು, ಅದಕ್ಕೆ ನಮ್ಮಲ್ಲಿ ಬೇರೆ ಅಕ್ಷರ ಇಲ್ಲ. ತ್ಸಾ ಅಂತಲೇ ಬರ್ಕೊಂಡ್ರೆ ನಾಲಿಗೆ ದಾರಿ ತಪ್ಪಲ್ಲ.

ಪ್ರಾಕ್ಟೀಸ್ ಮಾಡೋವಾಗ ಬರೀ ಹೆಸರು ಸಾಲಲ್ಲ, ಪೂರ್ತಿ ವಾಕ್ಯ ಹೇಳ್ಬೇಕು. ಒಂಟಿಯಾಗಿ ಸರಿಯಾಗಿ ಬಂದ ಹೆಸರು "ಅವರನ್ನು ವೇದಿಕೆಗೆ ಆಹ್ವಾನಿಸುತ್ತೇನೆ" ಅಂತ ಸೇರಿದ ಕೂಡ್ಲೇ ಕೆಡತ್ತೆ, ಕೊನ್ಸೆಯ್ಸಾಂವ್ ಅವರನ್ನು ಅನ್ನೋದು ಬೇಗ ಹೇಳಿದ್ರೆ ಕೊನ್ಸೆಯ್ಸಾಮವರನ್ನು ಆಗೋಗತ್ತೆ. ನಾನು ಚೀಟಿಲಿ ಹೆಸರು ಆದ್ಮೇಲೆ ಒಂದು ಅಡ್ಡಗೆರೆ ಹಾಕ್ತೀನಿ, ಅಲ್ಲಿ ಸಣ್ಣ ಉಸಿರು, ಆಮೇಲೆ "ಅವರನ್ನು".

ಅದೇ ಫೋನಲ್ಲಿ ಪರಿಚಯದ ನಾಲ್ಕೈದು ಸಾಲನ್ನೂ ಓದಿ ಹೇಳಿಬಿಡಿ, ಕನ್ನಡ ಬರದವರಾದ್ರೆ ಹಿಂದಿಲೋ ಇಂಗ್ಲಿಷಲ್ಲೋ ಹೇಳಿ. ಇಂಟರ್ನೆಟ್ಟಲ್ಲಿ ಸಿಕ್ಕ ಬಯೋಡೇಟಾ ಹಳೇದಿರತ್ತೆ, ರಿಟೈರ್ ಆದವರನ್ನ ಇನ್ನೂ ಪ್ರಿನ್ಸಿಪಾಲ್ ಅಂದುಬಿಡ್ತೀವಿ. ಈಗಿನ ಹುದ್ದೆ ಯಾವ್ದು, ಡಾಕ್ಟರ್ ಅಂತ ಹಾಕ್ಬೇಕಾ, ಹೆಸರಿನ ಯಾವ ಭಾಗ ಬಳಸ್ತಾರೆ, ಏನನ್ನ ಹೇಳೋದು ಬೇಡ, ಇಷ್ಟು ಕೇಳಿದ್ರೆ ಸಾಕು. ನಿಮ್ಮ ಅತಿಥಿ ವಿಷಯದಲ್ಲಿ ಮೂರನೇದೇ ದೊಡ್ಡದು, Conceicao ಅಧಿಕೃತ ಹೆಸರಲ್ಲಿ ಮಾತ್ರ ಇದ್ದು ಅವರು ಬೇರೆ ಹೆಸರಲ್ಲೇ ಪರಿಚಿತರಾಗಿರಬಹುದು, ಹಾಗಿದ್ರೆ ಅದನ್ನ ಬಿಡ್ಲಾ ಅಂತ ಅವರನ್ನೇ ಕೇಳಿ, ನೀವಾಗೇ ಬಿಡ್ಬೇಡಿ.

ಕಾರ್ಯಕ್ರಮದ ದಿನ ಅವರು ಬಂದು ಕೂತ ಮೇಲೆ ಹತ್ರ ಹೋಗಿ ಮೆಲ್ಲಗೆ ಇನ್ನೊಂದ್ಸಲ ಹೇಳಿ ತೋರಿಸಿ, ಬದಲಾವಣೆ ಇದ್ರೆ ಚೀಟಿಲೇ ತಿದ್ಕೊಳ್ಳಿ. ಸ್ವಾಗತ ಭಾಷಣ ಮಾಡೋರಿಗೂ ವಂದನಾರ್ಪಣೆ ಮಾಡೋರಿಗೂ ಅದೇ ಚೀಟಿ ಒಂದೊಂದು ಕಾಪಿ ಕೊಡಿ, ಇಲ್ದಿದ್ರೆ ನೀವು ಸರಿ ಹೇಳಿದ ಹೆಸರು ಮುಂದಿನವರ ಬಾಯಲ್ಲಿ ಮತ್ತೆ ಕಾನ್ಸಿಕಾವೋ ಆಗತ್ತೆ.